ಶೀರ್ಷಿಕೆಗಳೇ ಸ್ಲೈಡುಗಳಾಗುವ ಬಗೆ

ಭಾಷಣಕ್ಕೆ ಸ್ಲೈಡು ತಯಾರಿಸುವಾಗ ಹೊತ್ತು ಹೋಗುವುದು ಯೋಚನೆಗಿಂತ ಹೆಚ್ಚಾಗಿ ಚೌಕಗಳನ್ನು ಎಳೆಯುವುದರಲ್ಲಿ, ಅಕ್ಷರದ ಗಾತ್ರ ಸರಿಪಡಿಸುವುದರಲ್ಲಿ. ವಿಷಯವನ್ನು ಮೊದಲು ಸಾದಾ ಅಕ್ಷರಗಳಲ್ಲಿ ಟಿಪ್ಪಣಿಯಾಗಿ ಬರೆದು, ಸ್ಲೈಡು ಮಾಡುವ ಕೆಲಸವನ್ನು ಕಂಪ್ಯೂಟರಿಗೆ ಬಿಡುವ ದಾರಿಯೊಂದಿದೆ. ಟಿಪ್ಪಣಿ ಬರೆಯುವ ರೀತಿಯ ಹೆಸರು ಮಾರ್ಕ್‌ಡೌನ್. ಜಾನ್ ಗ್ರೂಬರ್ ಇದನ್ನು 2004ರಲ್ಲಿ ಪ್ರಕಟಿಸಿದರು. ಅದನ್ನು ಪವರ್‌ಪಾಯಿಂಟ್ ಕಡತವಾಗಿ ಬದಲಿಸುವ ಉಚಿತ ತಂತ್ರಾಂಶ ಪ್ಯಾಂಡಾಕ್. ಅದನ್ನು ಬರೆದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್.

ಮಳೆನೀರು ಕೊಯ್ಲಿನ ಬಗ್ಗೆ ಊರಿನ ಸಭೆಯಲ್ಲಿ ಮಾತನಾಡಬೇಕಿದೆ ಎಂದುಕೊಳ್ಳಿ. ನೋಟ್‌ಪ್ಯಾಡಿನಲ್ಲಿ ಹೀಗೆ ಬರೆದು `male.md` ಎಂದು ಉಳಿಸಬೇಕು:

```
% ಮಳೆನೀರು ಕೊಯ್ಲು

# ಲೆಕ್ಕ

## ಚಾವಣಿಗೆ ಬೀಳುವ ನೀರು

- 1 ಚದರ ಮೀಟರಿಗೆ 1 ಮಿ.ಮೀ. ಮಳೆ: 1 ಲೀಟರ್
- 100 ಚದರ ಮೀಟರಿಗೆ 10 ಮಿ.ಮೀ.: 1000 ಲೀಟರ್

# ಜೋಡಣೆ

## ಮೊದಲ ಮಳೆ

- ಧೂಳು ತೊಳೆದ ನೀರನ್ನು ಹೊರಗೆ ಬಿಡಿ

## ಸೋಸುವ ತೊಟ್ಟಿ

- ಜಲ್ಲಿ ಮತ್ತು ಮರಳಿನ ಪದರ
```

ಆಮೇಲೆ ಕಮಾಂಡ್ ಕಿಟಕಿಯಲ್ಲಿ ಒಂದೇ ಸಾಲು:

```
pandoc male.md -o male.pptx
```

ಆರು ಸ್ಲೈಡುಗಳು ಸಿದ್ಧವಾಗುತ್ತವೆ. `%` ಸಾಲು ಮೊದಲ ಪುಟವಾಗುತ್ತದೆ. `#` ಇರುವ ಎರಡು ಶೀರ್ಷಿಕೆಗಳು ಭಾಗದ ಹೆಸರಷ್ಟೇ ಇರುವ ಸ್ಲೈಡುಗಳಾಗುತ್ತವೆ. `##` ಇರುವ ಮೂರು ಶೀರ್ಷಿಕೆಗಳು ವಿಷಯದ ಸ್ಲೈಡುಗಳಾಗುತ್ತವೆ, ಅವುಗಳ ಕೆಳಗೆ ಗೆರೆ ಹಾಕಿ ಬರೆದ ಸಾಲುಗಳು ಬುಲೆಟ್ಟುಗಳಾಗುತ್ತವೆ. ಬುಲೆಟ್ಟಿನೊಳಗೆ ಇನ್ನೊಂದು ಬುಲೆಟ್ ಬೇಕಿದ್ದರೆ ನಾಲ್ಕು ಜಾಗ ಬಿಟ್ಟು ಬರೆದರಾಯಿತು.

ಹಾಗಾದರೆ `##` ಎಂದರೆ ಯಾವಾಗಲೂ ಸ್ಲೈಡೇ? ಅಲ್ಲ. ಹೊಸಬರು ಎಡವುವುದು ಇಲ್ಲೇ. ಯಾವ ಮಟ್ಟದ ಶೀರ್ಷಿಕೆ ಸ್ಲೈಡಾಗಬೇಕೆಂಬುದನ್ನು ಪ್ಯಾಂಡಾಕ್ ಕಡತವನ್ನು ನೋಡಿ ತಾನೇ ನಿರ್ಧರಿಸುತ್ತದೆ. ಇನ್ನೊಂದು ಶೀರ್ಷಿಕೆ ಅಡ್ಡ ಬಾರದೆ ನೇರವಾಗಿ ಕೆಳಗೆ ವಿಷಯ ಇರುವ ಶೀರ್ಷಿಕೆಗಳನ್ನು ಅದು ಹುಡುಕುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವ ಮಟ್ಟದ್ದೋ ಅದೇ ಸ್ಲೈಡಿನ ಮಟ್ಟ. ಅದಕ್ಕಿಂತ ಮೇಲಿನ ಶೀರ್ಷಿಕೆಗಳು ಭಾಗದ ಹೆಸರುಗಳು. ಕೆಳಗಿನವು ಸ್ಲೈಡಿನೊಳಗಿನ ಉಪಶೀರ್ಷಿಕೆಗಳು. ನಮ್ಮ ಕಡತದಲ್ಲಿ `#` ಕೆಳಗೆ ಎಲ್ಲೂ ನೇರ ವಿಷಯವಿಲ್ಲ, `##` ಕೆಳಗಿದೆ. ಆದ್ದರಿಂದ ಎರಡನೆಯ ಮಟ್ಟ ಆಯ್ಕೆಯಾಯಿತು.

ಈಗ ‘ಲೆಕ್ಕ’ ಎಂಬ ಶೀರ್ಷಿಕೆಯ ಕೆಳಗೆ ‘ಮೊದಲು ಚಾವಣಿ ಅಳೆಯೋಣ’ ಎಂದು ಒಂದೇ ವಾಕ್ಯ ಸೇರಿಸಿ ಮತ್ತೆ ಕಮಾಂಡ್ ಕೊಟ್ಟು ನೋಡಿ. `#` ಮಟ್ಟಕ್ಕೂ ನೇರ ವಿಷಯ ಬಂದುಬಿಟ್ಟಿದ್ದರಿಂದ ಸ್ಲೈಡಿನ ಮಟ್ಟ ಒಂದಕ್ಕೆ ಏರುತ್ತದೆ. ಆರು ಸ್ಲೈಡುಗಳಿದ್ದ ಕಡೆ ಮೂರೇ ಉಳಿಯುತ್ತವೆ. ನೀವು ಕೈಹಚ್ಚದ ‘ಜೋಡಣೆ’ ಭಾಗದಲ್ಲೂ ‘ಮೊದಲ ಮಳೆ’, ‘ಸೋಸುವ ತೊಟ್ಟಿ’ ಎರಡೂ ಒಂದೇ ಸ್ಲೈಡಿನಲ್ಲಿ ತುಂಬಿಕೊಂಡಿರುತ್ತವೆ. ಸ್ಲೈಡುಗಳ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿದರೆ ಮೊದಲು ಹುಡುಕಬೇಕಾದದ್ದು ಇಂಥ ಒಂಟಿ ವಾಕ್ಯವನ್ನೇ. ಅದಕ್ಕೊಂದು `##` ಶೀರ್ಷಿಕೆ ಕೊಟ್ಟರೆ ಎಲ್ಲ ಮೊದಲಿನಂತಾಗುತ್ತದೆ. ಮಟ್ಟವನ್ನು ನೀವೇ ಗೊತ್ತುಮಾಡಿಬಿಡುವುದು ಇನ್ನೂ ಭದ್ರ:

```
pandoc male.md --slide-level=2 -o male.pptx
```

ಉಳಿದ ತೊಂದರೆಗಳು ಕಣ್ಣಿಗೆ ಬೇಗ ಬೀಳುತ್ತವೆ. ಸ್ಲೈಡಿನ ಮೇಲೆ `##` ಚಿಹ್ನೆಯೇ ಮೂಡಿದರೆ, ಶೀರ್ಷಿಕೆಯ ಮೇಲೆ ಖಾಲಿ ಸಾಲು ಬಿಟ್ಟಿಲ್ಲ, ಇಲ್ಲವೇ ಚಿಹ್ನೆಯ ನಂತರ ಜಾಗ ಬಿಟ್ಟಿಲ್ಲ ಎಂದರ್ಥ. ಬುಲೆಟ್ಟುಗಳು ಮೇಲಿನ ವಾಕ್ಯಕ್ಕೆ ಅಂಟಿಕೊಂಡರೂ ಖಾಲಿ ಸಾಲಿನದೇ ದೋಷ. ಬುಲೆಟ್ಟುಗಳು ಹೆಚ್ಚಾದರೆ ಪ್ಯಾಂಡಾಕ್ ಅವುಗಳನ್ನು ಮುಂದಿನ ಸ್ಲೈಡಿಗೆ ದಾಟಿಸುವುದಿಲ್ಲ, ಅಕ್ಷರಗಳು ಕೆಳಗಿನ ಅಂಚನ್ನು ಮೀರುತ್ತವೆ. ಎಲ್ಲಿ ಮುರಿಯಬೇಕೆಂದು ನೀವೇ ನೋಡಿ ಅಲ್ಲಿ ಹೊಸ `##` ಹಾಕಬೇಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಪ್ಯಾಂಡಾಕ್ ಓದುವುದು ಯೂನಿಕೋಡ್ ಪಠ್ಯವನ್ನು, ಅದೂ `UTF-8` ರೂಪದಲ್ಲಿ ಉಳಿಸಿದ್ದನ್ನು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೇ ಅಂಟಿಸಿದರೆ ಸ್ಲೈಡಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಅಕ್ಷರದ ಅಂದಕ್ಕೆ ಒಂದು ಮಾದರಿ ಕಡತ ಪಡೆಯಬಹುದು:

```
pandoc -o madari.pptx --print-default-data-file reference.pptx
```

ಇದನ್ನು ಪವರ್‌ಪಾಯಿಂಟಿನಲ್ಲಿ ತೆರೆದು ಸ್ಲೈಡ್ ಮಾಸ್ಟರಿನಲ್ಲಿ ನಿಮಗೆ ಬೇಕಾದ ಕನ್ನಡ ಫಾಂಟು, ಬಣ್ಣ ಹೊಂದಿಸಿ ಉಳಿಸಿ. ಅಲ್ಲಿರುವ ವಿನ್ಯಾಸಗಳ ಹೆಸರುಗಳನ್ನು ಮಾತ್ರ ಬದಲಿಸಬೇಡಿ; ಪ್ಯಾಂಡಾಕ್ ಅವುಗಳನ್ನು ಗುರುತಿಸುವುದು ಹೆಸರಿನಿಂದಲೇ. ಕಮಾಂಡಿಗೆ `--reference-doc=madari.pptx` ಸೇರಿಸಿದರೆ ಸಾಕು.

ಮುಂದೆ ತಿದ್ದುಪಡಿ ಏನಿದ್ದರೂ `male.md` ಕಡತದಲ್ಲೇ ಮಾಡಿ. ಪವರ್‌ಪಾಯಿಂಟಿನಲ್ಲಿ ಕೈಯಾರೆ ತಿದ್ದಿದ್ದೆಲ್ಲ ಮತ್ತೊಮ್ಮೆ ಕಮಾಂಡ್ ಕೊಟ್ಟಾಗ ಅಳಿಸಿಹೋಗುತ್ತದೆ.