ಹೊಲ ಯಾರದು?

ಪಠ್ಯಪುಸ್ತಕದ ಒಂದು ವಾಕ್ಯವನ್ನು ಮಕ್ಕಳಿಗೆ ತಿಳಿಯುವಂತೆ ಬಿಡಿಸಿದ ಬಗೆ

ಹೋದ ಬೇಸಗೆಯ ರಜೆಯಲ್ಲಿ ನಮ್ಮ ತಂಗಿಯ ಮಗಳು ತನ್ನ ಚರಿತ್ರೆಯ ಪುಸ್ತಕವನ್ನು ನಮ್ಮ ಮುಂದೆ ತಂದಿಟ್ಟಳು. ಅವಳಿಗೆ ಹದಿಮೂರು ವರ್ಷ. ಪಾಠವು ಯೂರೋಪಿನ ಊಳಿಗಮಾನ್ಯ ಪದ್ಧತಿಯನ್ನು ಕುರಿತದ್ದು. ಅದರ ಮೊದಲನೆಯ ವಾಕ್ಯದ ಧಾಟಿ ಹೀಗಿದ್ದಿತು: “ಕೇಂದ್ರೀಯ ರಾಜಸತ್ತೆಯ ಶೈಥಿಲ್ಯದಿಂದ ಉದ್ಭವಿಸಿದ ಈ ಪರಸ್ಪರ ಬಾಧ್ಯತಾಮೂಲ ವ್ಯವಸ್ಥೆಯಲ್ಲಿ ಸಾಮಂತರು ಸೈನಿಕಸೇವೆಯ ಪ್ರತಿಫಲವಾಗಿ ಭೂದತ್ತಿಯನ್ನು ಪಡೆದು, ಭೂಬದ್ಧರಾದ ಜೀತದಾಳುಗಳ ಶ್ರಮವನ್ನು ಉಪಭೋಗಿಸುತ್ತಿದ್ದರು.” ಮಗುವು ಇದನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದಳು. ಬಳಿಕ ಮೆಲ್ಲಗೆ, “ಮಾವಾ, ಹಾಗಾದರೆ ಹೊಲ ಯಾರದು?” ಎಂದು ಕೇಳಿದಳು.

ಬಾಯಿಪಾಠದಲ್ಲಿ ತಪ್ಪಿರಲಿಲ್ಲ, ಅರ್ಥವು ಮಾತ್ರ ಬಂದಿರಲಿಲ್ಲ. ನಾವು ಮೊದಲು ಮಾಡಿದ ಕೆಲಸವು ಎಲ್ಲರೂ ಮಾಡುವುದೇ ಸರಿ. ಕಠಿಣ ಪದಗಳ ಮೇಲೆ ಸುಲಭ ಪದಗಳನ್ನು ಬರೆದೆವು. ಶೈಥಿಲ್ಯವೆಂದರೆ ಸಡಿಲಿಕೆ, ಬಾಧ್ಯತೆಯೆಂದರೆ ಹೊಣೆ, ದತ್ತಿಯೆಂದರೆ ಕೊಡುಗೆ. ಪದಗಳೇನೋ ಸುಲಭವಾದುವು, ಆದರೆ ವಾಕ್ಯವು ಇದ್ದಲ್ಲಿಯೇ ಇದ್ದಿತು. ಏಕೆಂದರೆ ಅಲ್ಲಿನ ತೊಡಕು ಪದಗಳಲ್ಲಿ ಇರಲಿಲ್ಲ. ಮೂರು ಬಗೆಯ ಜನರು ಒಬ್ಬರಿಗೊಬ್ಬರು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದುದರಿಂದ, ಯಾರು ಯಾರಿಗೆ ಏನು ಕೊಟ್ಟರೆಂಬುದೇ ಮರೆಯಾಗಿದ್ದಿತು.

ಆದುದರಿಂದ ವಾಕ್ಯವನ್ನು ಪಕ್ಕಕ್ಕಿಟ್ಟು, ಪಾಠದ ಹೆಸರನ್ನೇ ಬಿಡಿಸಿದೆವು. ಊಳಿಗವೆಂದರೆ ಸೇವೆ, ಮಾನ್ಯವೆಂದರೆ ಬಿಟ್ಟುಕೊಟ್ಟ ಭೂಮಿ. ಸೇವೆಗಾಗಿ ಭೂಮಿ, ಭೂಮಿಗಾಗಿ ಸೇವೆ. ಈ ಹೆಸರನ್ನು ಕನ್ನಡದಲ್ಲಿ ರೂಢಿಗೆ ತಂದವರು ಪಾಠದ ಅರ್ಧವನ್ನು ಹೆಸರಿನಲ್ಲಿಯೇ ಅಡಗಿಸಿದ್ದಾರೆ. ಉಂಬಳಿ ಎಂಬ ಮಾತನ್ನು ಮಗುವು ಅಜ್ಜಿಯ ಬಾಯಿಂದ ಕೇಳಿದ್ದಳು. ಆ ಸುಳಿವಿನಿಂದ ಮುಂದಿನ ದಾರಿ ಹಗುರವಾಯಿತು.

ಬಳಿಕ ಒಂದೇ ದೇಶವನ್ನೂ ಒಂದೇ ಕಾಲವನ್ನೂ ಆರಿಸಿಕೊಂಡೆವು. ಯೂರೋಪು ಎಂದರೆ ಮಗುವಿನ ಕಣ್ಣಿಗೆ ಏನೂ ಕಾಣದು. ಅಲ್ಲದೆ ಈ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾಗಿ ಇರಲಿಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದು ರಾಜನಾದನು. ದೇಶವು ದೊಡ್ಡದು, ಸೈನಿಕರಿಗೆ ಸಂಬಳ ಕೊಡಲು ಹಣ ಸಾಲದು. ಆದುದರಿಂದ ತನ್ನ ದೊಡ್ಡ ಸರದಾರರಿಗೆ ಭೂಮಿಯನ್ನು ಹಂಚಿದನು. ಅಲ್ಲಿಂದ ಕೆಳಕ್ಕೆ ಒಂದೊಂದು ಮೆಟ್ಟಿಲಿಗೂ ಎರಡೇ ಪ್ರಶ್ನೆಗಳನ್ನು ಹಾಕಿಕೊಂಡೆವು: ಇವನಿಗೆ ದೊರೆತುದೇನು? ಇವನು ಕೊಡಬೇಕಾದುದೇನು? ಸರದಾರನಿಗೆ ಭೂಮಿ ದೊರೆಯಿತು. ಕರೆದಾಗ ಅವನು ಕುದುರೆಯ ಯೋಧರನ್ನು ಕರೆತರಬೇಕು. ಯೋಧನಿಗೆ ಸರದಾರನಿಂದ ಒಂದು ಹಳ್ಳಿಯೋ ಎರಡೋ ದೊರೆಯಿತು. ಅವನು ವರ್ಷಕ್ಕೆ ಸಾಮಾನ್ಯವಾಗಿ 40 ದಿನ ಯುದ್ಧಸೇವೆ ಮಾಡಬೇಕು. ಒಕ್ಕಲಿನವನಿಗೆ ಒಂದು ಮನೆಯೂ ಬಯಲಿನಲ್ಲಿ ಕೆಲವು ಪಟ್ಟಿ ಹೊಲವೂ ದೊರೆಯಿತು. ಅವನು ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ತನ್ನ ಕಾಳನ್ನು ಒಡೆಯನ ಗಿರಣಿಯಲ್ಲಿಯೇ ಬೀಸಿಸಿ ಕೂಲಿ ತೆರಬೇಕು.

ಇಷ್ಟಾದ ಮೇಲೆ ನಮ್ಮ ಮೊದಲ ಟಿಪ್ಪಣಿಯನ್ನು ಬರೆದೆವು. ಅದರ ಕೊನೆಯ ಸಾಲು, “ಒಕ್ಕಲಿನವನು ಒಡೆಯನ ಗುಲಾಮನು” ಎಂದಿದ್ದಿತು. ಎಷ್ಟು ಚಿಕ್ಕದು, ಎಷ್ಟು ಸುಲಭವೆಂದು ನಮಗೆ ಸಂತೋಷವಾಯಿತು. ಮಗುವು ಓದಿ, “ಹಾಗಾದರೆ ಅವನನ್ನು ಸಂತೆಯಲ್ಲಿ ಮಾರಬಹುದೇ?” ಎಂದು ಕೇಳಿದಾಗ ನಾವು ನಿಲ್ಲಬೇಕಾಯಿತು.

ಅದು ತಪ್ಪಾಗಿದ್ದಿತು. 1086ರಲ್ಲಿ ವಿಲಿಯಂ ರಾಜನು ಹಳ್ಳಿಹಳ್ಳಿಯ ಲೆಕ್ಕವನ್ನು ಬರೆಯಿಸಿದನು. ಆ ಲೆಕ್ಕಕ್ಕೆ ಡೂಮ್ಸ್‌ಡೇ ಪುಸ್ತಕವೆಂದು ಹೆಸರು. ಅದರಲ್ಲಿ ಗುಲಾಮರನ್ನು ಬೇರೆಯಾಗಿಯೂ ಹಳ್ಳಿಯ ಒಕ್ಕಲುಗಳನ್ನು ಬೇರೆಯಾಗಿಯೂ ಎಣಿಸಿದ್ದಾರೆ. ಎರಡೂ ಒಂದೇ ಆಗಿದ್ದರೆ ಎರಡು ಲೆಕ್ಕವೇತಕ್ಕೆ? ಒಕ್ಕಲಿನವನಿಗೆ ಮನೆಯಿತ್ತು, ಸಂಸಾರವಿತ್ತು, ಉಳುವ ಪಟ್ಟಿಗಳಿದ್ದುವು. ಸತ್ತರೆ, ಮನೆಯ ಒಳ್ಳೆಯ ದನವೊಂದನ್ನು ಒಡೆಯನಿಗೆ ಒಪ್ಪಿಸಿ ಮಗನು ಆ ಪಟ್ಟಿಗಳನ್ನೇ ಉಳಬಹುದಾಗಿತ್ತು. ಆದರೆ ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ, ಹಣ ತೆರದೆ ಮಗಳ ಮದುವೆ ಮಾಡುವಂತಿಲ್ಲ, ಒಡೆಯನ ಮೇಲೆ ರಾಜನ ನ್ಯಾಯಸ್ಥಾನಕ್ಕೆ ಹೋಗುವಂತಿಲ್ಲ. ಜೀತದಾಳೆಂಬ ಪುಸ್ತಕದ ಮಾತೂ ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ ಜೀತವೆಂದರೆ ಸಾಲಕ್ಕಾಗಿ ದುಡಿಯುವುದೆಂಬ ಭಾವನೆ ಬರುವುದು. ಇವನು ಸಾಲ ಮಾಡಿದವನಲ್ಲ, ಹಾಗೆಯೇ ಹುಟ್ಟಿದವನು. ಆದುದರಿಂದ “ಭೂಮಿಗೆ ಕಟ್ಟುಬಿದ್ದ ಒಕ್ಕಲು” ಎಂದು ಬರೆದೆವು. ಎರಡು ಪದ ಹೆಚ್ಚಾಯಿತು, ಸುಳ್ಳು ಹೋಯಿತು.

ಸುಲಭ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕಠಿಣ ಪದವು ಮಗುವನ್ನು ಬಾಗಿಲಲ್ಲಿ ತಡೆಯುವುದು. ತಪ್ಪಾದ ಸುಲಭ ಪದವು ಬೇರೆ ಮನೆಗೆ ಕರೆದೊಯ್ಯುವುದು. ಟಿಪ್ಪಣಿ ಸರಿಯೋ ತಪ್ಪೋ ಎಂದು ತಿಳಿಯಲು ನಾವು ಕಂಡುಕೊಂಡ ಪರೀಕ್ಷೆ ಒಂದೇ: ಬರೆದುದನ್ನು ನಂಬಿ ಮಗುವು ಮುಂದಿನ ಪ್ರಶ್ನೆಯನ್ನು ಕೇಳಲಿ, ಉತ್ತರವು ಟಿಪ್ಪಣಿಗೆ ವಿರುದ್ಧವಾಗಿ ಬಂದರೆ ಟಿಪ್ಪಣಿಯನ್ನು ತಿದ್ದತಕ್ಕದ್ದು.

ಕೊನೆಗೆ ಉಳಿದ ಟಿಪ್ಪಣಿಯಿದು:

1. ಇದು ಸುಮಾರು 900 ವರ್ಷಗಳ ಹಿಂದಿನ ಇಂಗ್ಲೆಂಡಿನ ಮಾತು.

2. ರಾಜನ ಬಳಿ ಭೂಮಿ ಹೆಚ್ಚು, ಹಣ ಕಡಮೆ. ಆದುದರಿಂದ ಸೇವೆಗೆ ಸಂಬಳವಾಗಿ ಭೂಮಿಯನ್ನು ಕೊಟ್ಟನು.

3. ಸರದಾರನು ರಾಜನಿಂದ ಭೂಮಿ ಪಡೆದನು. ಅವನು ರಾಜನಿಗೆ ಯೋಧರನ್ನು ಕೊಟ್ಟನು.

4. ಯೋಧನು ಸರದಾರನಿಂದ ಭೂಮಿ ಪಡೆದನು. ಅವನು ಯುದ್ಧ ಮಾಡಿದನು.

5. ಒಕ್ಕಲಿನವನು ಹಳ್ಳಿಯ ಒಡೆಯನಿಂದ ಕೆಲವು ಪಟ್ಟಿ ಹೊಲ ಪಡೆದನು. ಅವನು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿದನು.

6. ಒಕ್ಕಲಿನವನು ಗುಲಾಮನಲ್ಲ, ಸ್ವತಂತ್ರನೂ ಅಲ್ಲ. ಅವನು ಭೂಮಿಗೆ ಕಟ್ಟುಬಿದ್ದವನು.

7. ಹೊಲ ಯಾರದು? ಒಬ್ಬನದೇ ಅಲ್ಲ. ಒಂದೇ ಹೊಲದಲ್ಲಿ ರಾಜನಿಗೆ, ಒಡೆಯನಿಗೆ, ಉಳುವವನಿಗೆ ಬೇರೆ ಬೇರೆ ಹಕ್ಕುಗಳಿದ್ದುವು. ಉಳುವವನ ಹಕ್ಕು ಎಲ್ಲಕ್ಕಿಂತ ಚಿಕ್ಕದು, ಅವನ ಕೆಲಸ ಎಲ್ಲಕ್ಕಿಂತ ದೊಡ್ಡದು.

ಏಳನೆಯ ಸಾಲು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಮಗುವಿನ ಪ್ರಶ್ನೆಯಿಂದಲೇ ಅದು ಬಂದಿತು. ಇಂದು ಹೊಲವೆಂದರೆ ಕೊಂಡವನದು, ಮಾರುವ ಹಕ್ಕೂ ಅವನದೇ ಎಂದು ನಾವು ಎಣಿಸುತ್ತೇವೆ. ಆ ಎಣಿಕೆಯನ್ನು ಬಿಡದೆ ಓದಿದರೆ ಪಾಠವೆಲ್ಲ ಒಗಟಾಗುವುದು.

ಮರುದಿನ ಮಗುವು ಪುಸ್ತಕವನ್ನು ಮುಚ್ಚಿಟ್ಟು ಇದನ್ನೆಲ್ಲ ತನ್ನ ತಮ್ಮನಿಗೆ ಹೇಳುತ್ತಿದ್ದಳು. ಒಂಬತ್ತು ವರ್ಷದ ಆ ಹುಡುಗನು ಎಲ್ಲವನ್ನೂ ಕೇಳಿ, “ಒಕ್ಕಲಿನವನಿಗೆ ಬಿಡುಗಡೆ ಯಾವಾಗ ಆಯಿತು, ಅಕ್ಕಾ?” ಎಂದನು. ಅವಳು ನಮ್ಮ ಕಡೆಗೆ ನೋಡಿದಳು. 1348ರಲ್ಲಿ ಇಂಗ್ಲೆಂಡಿಗೆ ಮಹಾಮಾರಿ ಬಂದು ಜನರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಸತ್ತುದು, ದುಡಿಯುವ ಕೈಗಳಿಗೆ ಬೆಲೆಯೇರಿದುದು, 1381ರಲ್ಲಿ ರೈತರು ದಂಗೆಯೆದ್ದು ಬಿಡುಗಡೆಯನ್ನು ಕೇಳಿ ಸೋತುದು, ಸೋತರೂ ಮುಂದಿನ ನೂರು ವರ್ಷಗಳಲ್ಲಿ ಆ ಕಟ್ಟು ತಾನಾಗಿ ಸಡಿಲಿದುದು, ಇವನ್ನೆಲ್ಲ ಹೇಳಬೇಕಾಗಿದ್ದಿತು. ನಾವು ಹೊಸದೊಂದು ಹಾಳೆಯನ್ನು ತೆಗೆದು ಅವಳ ಕೈಗೇ ಲೇಖನಿಯನ್ನು ಕೊಟ್ಟೆವು.