ಪ್ರೀತಿ ಅಲ್ಲ ಕಣೇ, ಇಳಿಜಾರು

ರಾತ್ರಿ ನಿದ್ದೆ ಬಾರದಿರಲು ಕಾರಣಗಳಿಗೆ ಬರವಿಲ್ಲ. ಕಿವಿಯ ಹತ್ತಿರ ಸೊಳ್ಳೆ, ಮನೆ ಸಾಲದ ಕಂತು, ಪಕ್ಕದ ಬೀದಿಯ ಆರ್ಕೆಸ್ಟ್ರಾ, ಗಂಡನ ಗೊರಕೆ, ಎರಡು ಗಂಟೆಗೆ ಸರಿಯಾಗಿ ಬೊಗಳಲು ಶುರು ಮಾಡುವ ನಾಯಿ. ಹಾಸಿಗೆ ಕಂಪನಿಯೊಂದಕ್ಕೆ ನಗೆ ಸ್ಕಿಟ್ ಬರೆಯಲು ಕೂತವರು ಇವುಗಳಲ್ಲಿ ಒಂದನ್ನು ಎತ್ತಿಕೊಂಡುಬಿಡುತ್ತಾರೆ. ಎಲ್ಲರ ಮನೆಯಲ್ಲೂ ನಡೆಯುವುದಲ್ಲವೇ, ಜನ ನಗದೆ ಎಲ್ಲಿ ಹೋಗುತ್ತಾರೆ ಎಂಬ ಧೈರ್ಯ. ಜನ ನಗುತ್ತಾರೆ, ನಿಜ. ಆದರೆ ಐವತ್ತು ಸೆಕೆಂಡ್ ಸೊಳ್ಳೆ ಓಡಿಸಿ ಕೊನೆಯ ಹತ್ತು ಸೆಕೆಂಡಿನಲ್ಲಿ ಹೊಸ ಹಾಸಿಗೆ ತೋರಿಸಿದರೆ ನೋಡಿದವರ ಮೊದಲ ಪ್ರಶ್ನೆ, ‘ಹಾಗಾದರೆ ಸೊಳ್ಳೆ ಎಲ್ಲಿ ಹೋಯಿತು?’ ಎಂಬುದೇ. ಹಾಸಿಗೆ ಕಂಪನಿಯ ದುಡ್ಡಿನಲ್ಲಿ ಸೊಳ್ಳೆಬತ್ತಿಯವರಿಗೆ ಪ್ರಚಾರ ಸಿಕ್ಕಂತಾಗುತ್ತದೆ.

ಈ ಬಗೆಯ ಬರವಣಿಗೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಒಂದೇ. ನಿದ್ದೆ ಕೆಡಿಸುತ್ತಿರುವ ಕಾರಣ ಹಾಸಿಗೆಯೊಳಗೇ ಇರಬೇಕು. ಹಾಗೆ ನೋಡಿದರೆ ಉದ್ದದ ಪಟ್ಟಿ ಥಟ್ಟನೆ ಚಿಕ್ಕದಾಗುತ್ತದೆ. ನಡುವೆ ತಗ್ಗು ಬಿದ್ದಿರುವುದು, ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರವಾಗುವುದು, ಬೇಸಿಗೆಯಲ್ಲಿ ಫೋಮು ಬೆನ್ನಿಗೆ ಕಾವು ಹಿಡಿಸುವುದು, ತೀರಾ ಗಟ್ಟಿಯಾಗಿ ಭುಜ ಒತ್ತುವುದು. ಸ್ಕಿಟ್ ಬರೆಯುವವರ ಬಂಡವಾಳ ಇಷ್ಟೇ. ಇದರಾಚೆಗೆ ಕೈ ಚಾಚಿದರೆ ಏನಾಗುತ್ತದೆ ಎನ್ನುವುದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. ಕರ್ನಾಟಕದಲ್ಲೇ ಹುಟ್ಟಿ ತೆಂಗಿನ ನಾರಿನ ಹಾಸಿಗೆಯಿಂದ ಹೆಸರಾದ ಕರ್ಲಾನ್‌ಗಾಗಿ 2014ರಲ್ಲಿ ಒಗಿಲ್ವಿ ಸಂಸ್ಥೆಯ ಭಾರತದ ಶಾಖೆ ಚಿತ್ರ ಜಾಹೀರಾತುಗಳ ಒಂದು ಸರಣಿ ಮಾಡಿತು. ಬಿದ್ದವರು ಹಾಸಿಗೆಯ ಮೇಲೆ ಪುಟಿದು ಮತ್ತೆ ಮೇಲೇಳುತ್ತಾರೆ ಎಂಬುದು ಅದರ ಕಲ್ಪನೆ. ಅದರಲ್ಲೊಂದು ಚಿತ್ರ ಮಲಾಲಾ ಯೂಸುಫ್‌ಝೈ ಅವರದು. ಗುಂಡೇಟು ತಿಂದು ಬೀಳುವ ಹುಡುಗಿ ಹಾಸಿಗೆಗೆ ತಾಗಿ ಪುಟಿದು ಪ್ರಶಸ್ತಿ ಪಡೆಯುವಲ್ಲಿಗೆ ಬರುತ್ತಾಳೆ. ಜಗತ್ತಿನ ಎಲ್ಲೆಡೆಯಿಂದ ಛೀಮಾರಿ ಬಿತ್ತು, ಏಜೆನ್ಸಿ ಕ್ಷಮೆ ಕೇಳಿತು. ಅಭಿರುಚಿಯ ಮಾತು ಹಾಗಿರಲಿ, ಬರವಣಿಗೆಯ ಲೆಕ್ಕದಲ್ಲೂ ಅದು ಸೋತ ಕಲ್ಪನೆ. ಆ ನೋವಿಗೂ ಹಾಸಿಗೆಗೂ ಯಾವ ಸಂಬಂಧ?

ಈಗ ಒಂದು ಸ್ಕಿಟ್ಟನ್ನು ಬರೆದೇ ನೋಡೋಣ. ಕಾರಣ, ನಡುವಿನ ತಗ್ಗು. ಅದನ್ನೇ ಆರಿಸಿಕೊಳ್ಳಲು ಕಾರಣವಿದೆ. ಕಾವು, ಗಟ್ಟಿತನ ಇವೆಲ್ಲ ಮೈಗೆ ಗೊತ್ತಾಗುವಂಥವು, ಕ್ಯಾಮೆರಾಕ್ಕೆ ಕಾಣುವುದಿಲ್ಲ. ತಗ್ಗು ಕಾಣುತ್ತದೆ, ಮೇಲಾಗಿ ಅದು ಜನರನ್ನು ಉರುಳಿಸುತ್ತದೆ. ಅಗ್ಗದ ಫೋಮಿನಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳ ಗೋಡೆ ತೆಳುವಾಗಿರುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಸೊಂಟದ ಭಾರ ಬಿದ್ದು ಅವು ಕುಸಿಯುತ್ತವೆ. ನಾರಿನ ಹಾಸಿಗೆಯಾದರೆ ನಾರು ಅಮುಕಿ ಅಲ್ಲೇ ಕೂತುಬಿಡುತ್ತದೆ. ಇಬ್ಬರು ಮಲಗುವ ಹಾಸಿಗೆಯಲ್ಲಿ ಎರಡು ತಗ್ಗು ಸೇರಿ ಕೊನೆಗೆ ಒಂದೇ ಹೊಂಡ.

ಅರವತ್ತು ಸೆಕೆಂಡಿನ ಸ್ಕಿಟ್ ಇದು.

ಮಲಗುವ ಕೋಣೆ. ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಡಬಲ್ ಕಾಟ್, ಗೆರೆಗೆರೆ ಬೆಡ್‌ಶೀಟ್. ಸುಮಾ ಎಡಕ್ಕೆ, ರಮೇಶ ಬಲಕ್ಕೆ. ರಮೇಶ ಮಗ್ಗುಲು ಬದಲಿಸುತ್ತಾನೆ. ನಿಧಾನವಾಗಿ ಉರುಳಿ ಉರುಳಿ ಸುಮಾಗೆ ಒತ್ತಿಕೊಂಡು ನಿಲ್ಲುತ್ತಾನೆ.

ಸುಮಾ (ಕಣ್ಣು ಬಿಡದೆ): ರೀ, ಮದುವೆ ಆಗಿ ಹನ್ನೆರಡು ವರ್ಷ ಆಯ್ತು. ಈಗ್ಯಾಕೆ ಇಷ್ಟೊಂದು ಪ್ರೀತಿ?

ರಮೇಶ: ಪ್ರೀತಿ ಅಲ್ಲ ಕಣೇ, ಇಳಿಜಾರು.

ಸುಮಾ ಎದ್ದು ನಡುವೆ ಎರಡು ದಿಂಬು ಅಡ್ಡ ಇಡುತ್ತಾಳೆ. ಇಬ್ಬರೂ ಮಲಗುತ್ತಾರೆ. ಮೊದಲು ದಿಂಬುಗಳು ಹೊಂಡಕ್ಕೆ, ಹಿಂದೆಯೇ ಇವರಿಬ್ಬರು.

ರಮೇಶ: ಅಣೆಕಟ್ಟು ಒಡೀತು.

ಈಗ ರಮೇಶ ಒಂದು ಕೈಯಲ್ಲಿ ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಮಲಗಿದ್ದಾನೆ. ಮಂಚ ಕಿರ್ ಅನ್ನುತ್ತದೆ.

ಪಕ್ಕದ ಕೋಣೆಯಿಂದ ಅಮ್ಮನ ದನಿ: ಏನೋ ಅದು ಸದ್ದು? ಮಲಗಬಾರ್ದಾ?

ರಮೇಶ: ಮಲಗಿದ್ದೀನಮ್ಮ, ಹಿಡ್ಕೊಂಡು!

ಮಗಳು ನಿದ್ದೆಗಣ್ಣಲ್ಲಿ ಬಂದು ನೇರ ಹೊಂಡದೊಳಗೆ ಬಿದ್ದು, ಬಿದ್ದಲ್ಲೇ ನಿದ್ದೆ ಹೋಗುತ್ತಾಳೆ. ಅಪ್ಪ ಅಮ್ಮ ಆಚೆ ಈಚೆ ಅಂಚು ಹಿಡಿದುಕೊಂಡು ಅವಳನ್ನು ನೋಡುತ್ತಾರೆ.

ಸುಮಾ: ಇವಳಿಗೆ ತೊಟ್ಟಿಲು. ನಮಗೆ?

ಇನ್ನೊಂದು ರಾತ್ರಿ, ಹೊಸ ಹಾಸಿಗೆ. ಅದೇ ಬೆಡ್‌ಶೀಟ್, ಗಡಿಯಾರದಲ್ಲಿ ಅದೇ ಹೊತ್ತು. ರಮೇಶ ಮಗ್ಗುಲು ಬದಲಿಸುತ್ತಾನೆ, ಉರುಳುವುದಿಲ್ಲ. ಒಂದು ಕ್ಷಣ ಬಿಟ್ಟು, ತಾನಾಗಿಯೇ ಸರಿದು ಸುಮಾ ಪಕ್ಕಕ್ಕೆ ಬರುತ್ತಾನೆ.

ಸುಮಾ: ಇಳಿಜಾರಾ?

ರಮೇಶ: ಅಲ್ಲ ಕಣೇ.

ಹಿನ್ನೆಲೆ ದನಿ: (ಕಂಪನಿಯ ಹೆಸರು) ಹಾಸಿಗೆ. ಹತ್ತಿರ ಬರೋದು ನಿಮ್ಮಿಷ್ಟ.

ಓದಿದರೆ ಪುಟ್ಟದು ಎನಿಸಬಹುದು. ಆದರೆ ಗಡಿಯಾರ ಹಿಡಿದು ನಟಿಸಿ ನೋಡಿದರೆ ಅರವತ್ತು ಸೆಕೆಂಡ್ ತುಂಬಿಹೋಗುತ್ತದೆ. ಉರುಳುವುದಕ್ಕೆ, ದಿಂಬು ಜೋಡಿಸುವುದಕ್ಕೆ, ಮಗು ನಡೆದು ಬರುವುದಕ್ಕೆ ಹೊತ್ತು ಬೇಕು. ಹೊಸಬರು ಪುಟ ತುಂಬ ಸಂಭಾಷಣೆ ಬರೆದು, ಆಮೇಲೆ ನಟರಿಗೆ ಬೇಗ ಬೇಗ ಹೇಳಿ ಎನ್ನುತ್ತಾರೆ. ನಿದ್ದೆಗೆಟ್ಟವರು ಬೇಗ ಬೇಗ ಮಾತಾಡುವುದಿಲ್ಲ. ಆ ಎಳೆದ ದನಿಯಲ್ಲೇ ಅರ್ಧ ನಗು ಇರುವುದು.

ರಮೇಶನ ಕೊನೆಯ ಮಾತನ್ನು ಗಮನಿಸಿ. ‘ಅಲ್ಲ ಕಣೇ’ ಎಂದಷ್ಟೇ ಹೇಳುತ್ತಾನೆ. ‘ಪ್ರೀತಿ’ ಎಂಬುದನ್ನು ನೋಡುವವರು ತಾವೇ ತುಂಬಿಕೊಳ್ಳುತ್ತಾರೆ. ಮೀಟಿಂಗಿನಲ್ಲಿ ಯಾರಾದರೊಬ್ಬರು ‘ಇದು ಅರ್ಥವಾಗಲಿಕ್ಕಿಲ್ಲ, ಪ್ರೀತಿ ಅಂತ ಸೇರಿಸಿಬಿಡಿ’ ಎಂದೇ ಎನ್ನುತ್ತಾರೆ. ಸೇರಿಸಬಾರದು. ಅದೇ ಮೀಟಿಂಗಿನಲ್ಲಿ ಬರುವ ಇನ್ನೊಂದು ಬೇಡಿಕೆ, ‘ಸುಮಾ ಬಾಯಲ್ಲಿ ನಮ್ಮ ಫೋಮಿನ ಸಾಂದ್ರತೆ ಹೇಳಿಸಿ’ ಎಂಬುದು. ರಾತ್ರಿ ಎರಡು ಗಂಟೆಗೆ ಯಾವ ಹೆಂಡತಿಯೂ ಗಂಡನಿಗೆ ಫೋಮಿನ ಸಾಂದ್ರತೆ ಹೇಳುವುದಿಲ್ಲ. ಅದು ಕೊನೆಯ ಚೌಕಟ್ಟಿನಲ್ಲಿ ಅಕ್ಷರವಾಗಿ ಬರಲಿ.

ಬೆಡ್‌ಶೀಟ್ ಗೆರೆಗೆರೆಯದೇ ಆಗಬೇಕು ಎಂದು ಸ್ಕ್ರಿಪ್ಟಿನಲ್ಲೇ ಬರೆದಿರುವುದು ಸುಮ್ಮನೆ ಅಲ್ಲ. ಬಿಳಿ ಹಾಸು ಹಾಕಿ ಮಂದ ಬೆಳಕಿನಲ್ಲಿ ಚಿತ್ರ ತೆಗೆದರೆ ಎಷ್ಟೇ ಆಳದ ತಗ್ಗಿದ್ದರೂ ಪರದೆಯ ಮೇಲೆ ಚಪ್ಪಟೆಯಾಗಿಯೇ ಕಾಣುತ್ತದೆ. ಅಡ್ಡಗೆರೆಗಳಿದ್ದರೆ ನಡುವೆ ಬಾಗಿ ಬಿಲ್ಲಾಗುತ್ತವೆ, ಮಾತೇ ಬೇಡ. ಹೊಸ ಹಾಸಿಗೆಗೂ ಅದೇ ಬೆಡ್‌ಶೀಟ್ ಹೊದಿಸಿ ಗೆರೆ ನೆಟ್ಟಗಿರುವುದನ್ನು ತೋರಿಸಿದರೆ ವ್ಯತ್ಯಾಸ ಹೇಳುವ ಕೆಲಸ ಅಲ್ಲಿಗೆ ಮುಗಿಯಿತು. ಇಂಥ ವೀಡಿಯೋಗಳನ್ನು ಹೆಚ್ಚಿನವರು ಫೋನಿನಲ್ಲಿ, ಎಷ್ಟೋ ಸಲ ಸದ್ದು ಬಂದ್ ಮಾಡಿಕೊಂಡೇ ನೋಡುವುದು. ಯೂಟ್ಯೂಬಿನಲ್ಲಾದರೆ ಐದು ಸೆಕೆಂಡ್ ಕಳೆಯುತ್ತಲೇ ಸ್ಕಿಪ್ ಬಟನ್ ಬರುತ್ತದೆ. ಅಷ್ಟರೊಳಗೆ ರಮೇಶ ಉರುಳಲು ಶುರು ಮಾಡಿರಬೇಕು. ಹೊರಗಿನಿಂದ ಮನೆ, ಚಂದ್ರ, ಬೀದಿದೀಪ ಎಂದೆಲ್ಲ ತೋರಿಸಿ ಒಳಗೆ ಬರುವಷ್ಟು ಪುರುಸೊತ್ತು ಇಲ್ಲ.

ಭಾಷೆಯ ವಿಷಯದಲ್ಲಿ ಒಂದು ಮಾತು. ಇಂಥ ಸ್ಕಿಟ್ ಅನೇಕ ಸಲ ಹಿಂದಿಯಲ್ಲಿ ಹುಟ್ಟಿ ಕನ್ನಡಕ್ಕೆ ಡಬ್ ಆಗಿ ಬರುತ್ತದೆ. ಅಲ್ಲಿನ ತುಟಿ ಚಲನೆಗೆ ಇಲ್ಲಿನ ಪದ ಜೋಡಿಸುವ ಭರದಲ್ಲಿ ಗಂಡ ಹೆಂಡತಿ ವಾರ್ತೆ ಓದುವ ಕನ್ನಡ ಮಾತಾಡತೊಡಗುತ್ತಾರೆ. ಮೇಲಿನ ಸುಮಾ, ರಮೇಶ ಮೈಸೂರು ಬೆಂಗಳೂರಿನ ಕಡೆಯವರು. ಹುಬ್ಬಳ್ಳಿಗಾದರೆ ಮಾತಿನ ಕೊನೆ ಮಾತ್ರ ಬದಲಿಸಿದರೆ ಸಾಲದು, ಆ ಕಡೆಯವರನ್ನೇ ಕೂರಿಸಿಕೊಂಡು ಮತ್ತೆ ಬರೆಯಬೇಕು.

ಉಳಿದದ್ದು ಸತ್ಯದ ಪ್ರಶ್ನೆ. ನಗೆ ಸ್ಕಿಟ್ಟಿಗೆ ಯಾಕೆ ಈ ತಾಪತ್ರಯ ಎನ್ನಬಹುದು. ಉತ್ಪ್ರೇಕ್ಷೆಗೆ ಇಲ್ಲಿ ಅವಕಾಶವಿದೆ, ಸುಳ್ಳಿಗಿಲ್ಲ. ಮಗು ಹೊಂಡದೊಳಗೆ ಮುಳುಗಿಹೋಗುವುದು ಉತ್ಪ್ರೇಕ್ಷೆ, ಎಲ್ಲರಿಗೂ ಗೊತ್ತು. ‘ಬೆನ್ನುನೋವು ವಾಸಿ’ ಎಂಬುದು ಹೇಳಿಕೆ, ಅದಕ್ಕೆ ಪುರಾವೆ ಕೇಳುತ್ತಾರೆ. 1985ರಲ್ಲಿ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಇಂಥ ದೂರುಗಳನ್ನು ವಿಚಾರಿಸುತ್ತದೆ. ಅದರಾಚೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ನಮ್ಮ ಸ್ಕಿಟ್ ಹೇಳುತ್ತಿರುವುದು ‘ಉರುಳುವುದಿಲ್ಲ’ ಎಂಬ ಒಂದೇ ಮಾತು. ಅದು ನಿಜವೇ ಎಂದು ಬರೆಯುವ ಮುಂಚೆ ಕಂಪನಿಯವರನ್ನು ಕೇಳಬೇಕು. ಒಳಗಿರುವುದು ಮೆಮೊರಿ ಫೋಮೇ, ಸ್ಪ್ರಿಂಗೇ, ನಾರೇ ಎಂದು ತಿಳಿದುಕೊಳ್ಳಬೇಕು. ಮೆಮೊರಿ ಫೋಮ್ ಮಲಗಿದವರ ಮೈಯ ಆಕಾರಕ್ಕೆ ತಗ್ಗಿ, ಎದ್ದ ಮೇಲೆ ನಿಧಾನವಾಗಿ ಮೇಲೇಳುತ್ತದೆ. ಅಂಥ ಹಾಸಿಗೆಗೆ ‘ತಗ್ಗುವುದೇ ಇಲ್ಲ’ ಎಂದು ಹಾಡಿಸಿದರೆ ಕೊಂಡವರು ಮೊದಲ ರಾತ್ರಿಯೇ ಅಂಗಡಿಗೆ ಫೋನ್ ಮಾಡುತ್ತಾರೆ. ಪ್ರಯೋಗ ತೋರಿಸುವುದಾದರೆ ಪ್ರಯೋಗವೂ ನಿಜವಾಗಿರಬೇಕು. ಅಮೆರಿಕದ ಟೆಂಪರ್‌ಪೆಡಿಕ್ ಕಂಪನಿ ಹಾಸಿಗೆಯ ಒಂದು ಬದಿಗೆ ವೈನ್ ತುಂಬಿದ ಗ್ಲಾಸಿಟ್ಟು ಇನ್ನೊಂದು ಬದಿಯಲ್ಲಿ ಕುಣಿಸಿ ಹೆಸರು ಮಾಡಿತು. ನಮ್ಮಲ್ಲಿ ಅದನ್ನು ಫಿಲ್ಟರ್ ಕಾಫಿಯ ಲೋಟ ಇಟ್ಟು ಮಾಡಬಹುದು. ಆದರೆ ಲೋಟದ ತಳಕ್ಕೆ ಅಂಟು ಹಚ್ಚುವ ಹಾಗಿಲ್ಲ.

ಇಷ್ಟೆಲ್ಲ ನೋಡಿ, ನಮ್ಮ ಮನೆಯ ಹಾಸಿಗೆಯೂ ಹೀಗೇ ಎನ್ನುವವರು ಹೊಸದು ಕೊಳ್ಳಲು ಹೊರಡುವ ಮುಂಚೆ ಎರಡು ಕೆಲಸ ಮಾಡಿ. ಹಾಸಿಗೆಯನ್ನು ಒಂದು ರಾತ್ರಿ ನೆಲದ ಮೇಲೆ ಹಾಸಿ ಮಲಗಿ. ಹೊಂಡ ಮಾಯವಾದರೆ ತಪ್ಪು ಮಂಚದ ಹಲಗೆಯದು, ಬಡಗಿಯನ್ನು ಕರೆಸಿದರೆ ಸಾಕು. ಹೊಂಡ ಹಾಗೇ ಇದ್ದರೆ ಆಚೆ ಅಂಚಿನಿಂದ ಈಚೆ ಅಂಚಿಗೆ ದಾರವನ್ನು ಬಿಗಿಯಾಗಿ ಹಿಡಿದು, ನಡುವೆ ಸ್ಕೇಲ್ ಇಟ್ಟು ತಗ್ಗನ್ನು ಅಳೆಯಿರಿ, ಆಮೇಲೆ ಬೀರುವಿನಲ್ಲಿರುವ ಗ್ಯಾರಂಟಿ ಕಾರ್ಡ್ ಹುಡುಕಿ. ಎಷ್ಟು ತಗ್ಗಿದರೆ ಬದಲಿಸಿಕೊಡುತ್ತಾರೆ ಎಂಬ ಅಳತೆಯನ್ನು ಹಲವು ಕಂಪನಿಗಳು ಅದರಲ್ಲೇ ಅಚ್ಚು ಹಾಕಿರುತ್ತವೆ.