‘ಹೇಳಿದಂತೆ ನಡೆಯುತ್ತಿಲ್ಲ’ ಎಂಬ ಸಾಲಿನ ಹಿಂದೆ

ಸಾವಿತ್ರಮ್ಮ ಎಂಬ 54 ವರ್ಷದ ಗೃಹಿಣಿಯನ್ನು ಊಹಿಸಿಕೊಳ್ಳಿ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿದೆ. ಮೂರು ತಿಂಗಳಿಂದ ಬೆಳಿಗ್ಗೆ, ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಆದರೂ ಶುಗರ್ ಒಂದು ದಿನ 280, ಇನ್ನೊಂದು ದಿನ 60. ಅವರ ಕೇಸ್ ಶೀಟಿನಲ್ಲಿ ‘ಹೇಳಿದಂತೆ ನಡೆಯುತ್ತಿಲ್ಲ’ ಎಂದು ಬರೆದಿದೆ. ನರ್ಸಿಂಗ್ ಸಿದ್ಧಾಂತಗಳನ್ನು ಹೋಲಿಸಿ, ಒಂದನ್ನು ಇವರಿಗೆ ಅನ್ವಯಿಸಿ ಪ್ರಬಂಧ ಬರೆಯುವುದು ವಿದ್ಯಾರ್ಥಿನಿಯೊಬ್ಬಳ ಕೆಲಸ.

ಸಿದ್ಧಾಂತ ಎಂದರೆ ರೋಗಿಯ ಮುಂದೆ ನಿಂತಾಗ ನರ್ಸ್ ಮೊದಲು ಏನು ಕೇಳಬೇಕು ಎಂಬುದರ ತೀರ್ಮಾನ. ಅಮೆರಿಕದ ಮೂವರು ನರ್ಸ್‌ಗಳು ಮೂರು ಬೇರೆ ಪ್ರಶ್ನೆ ಕೇಳಿದರು. ಡೊರೊಥಿಯಾ ಓರೆಮ್ ಅವರ ಪುಸ್ತಕ ಬಂದದ್ದು 1971ರಲ್ಲಿ. ‘ಈ ಕಾಯಿಲೆ ದಿನವೂ ಬೇಡುವ ಕೆಲಸಗಳಲ್ಲಿ ಯಾವುದು ಇವರ ಕೈಲಾಗುತ್ತದೆ, ಯಾವುದು ಆಗುವುದಿಲ್ಲ?’ ಎಂಬುದು ಅವರ ಪ್ರಶ್ನೆ. ಕ್ಯಾಲಿಸ್ಟಾ ರಾಯ್ ಅವರದು ‘ಬಂದ ಬದಲಾವಣೆಗೆ ಇವರ ದೇಹ, ತಮ್ಮ ಬಗೆಗಿನ ಭಾವನೆ, ಮನೆಯ ಪಾತ್ರ, ಸಂಬಂಧಗಳು ಹೇಗೆ ಹೊಂದಿಕೊಳ್ಳುತ್ತಿವೆ?’ ಎಂಬ ಪ್ರಶ್ನೆ. ನೋಲಾ ಪೆಂಡರ್ 1982ರಲ್ಲಿ ಕೇಳಿದ್ದು ‘ಒಳ್ಳೆಯದೆಂದು ಗೊತ್ತಿದ್ದೂ ಮಾಡದಂತೆ ಇವರನ್ನು ತಡೆಯುತ್ತಿರುವುದು ಏನು?’ ಎಂದು.

ಹೊಸದಾಗಿ ಕಾಯಿಲೆ ಗೊತ್ತಾಗಿ ಕುಸಿದುಹೋದವರಿಗೆ ರಾಯ್ ಪ್ರಶ್ನೆ ಒಪ್ಪುತ್ತದೆ. ಕಾಯಿಲೆ ಬರುವ ಮುನ್ನವೇ ನಡಿಗೆ, ಆಹಾರ ಬದಲಿಸಬೇಕಾದವರಿಗೆ ಪೆಂಡರ್ ಸರಿ. ಸಾವಿತ್ರಮ್ಮನ ತೊಡಕು ಕೈಕೆಲಸದಲ್ಲಿದೆ. ದಿನಕ್ಕೆ ಎರಡು ಬಾರಿ, ನರ್ಸ್ ಇಲ್ಲದ ಮನೆಯಲ್ಲಿ, ಅವರೇ ಮಾಡಬೇಕಾದ ಕೆಲಸವದು. ಹಾಗಾಗಿ ವಿದ್ಯಾರ್ಥಿನಿ ಓರೆಮ್ ಅವರನ್ನು ಆರಿಸುತ್ತಾಳೆ.

ಓರೆಮ್ ದಾರಿಯಲ್ಲಿ ಮೊದಲ ಹೆಜ್ಜೆ ನೋಡುವುದು. ‘ದಿನಾ ಹೇಗೆ ತಗೋತೀರಿ, ನನ್ನ ಮುಂದೆ ಒಮ್ಮೆ ತೋರಿಸಿ ಅಮ್ಮಾ’ ಎನ್ನುತ್ತಾಳೆ. ಚೀಲದಿಂದ ಎರಡು ಬಗೆಯ ಸಿರಿಂಜು ಹೊರಬರುತ್ತವೆ, ಕೆಂಪು ಮುಚ್ಚಳದ್ದು ಮತ್ತು ಕಿತ್ತಳೆ ಮುಚ್ಚಳದ್ದು. ಅವರ ಬಾಟಲಿಯಲ್ಲಿರುವುದು ಮಿಲಿಲೀಟರಿಗೆ 40 ಯೂನಿಟ್ ಇನ್ಸುಲಿನ್. ಅದಕ್ಕೆ ಹೊಂದುವುದು ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆಯದರ ಗೆರೆಗಳು 100 ಯೂನಿಟ್ಟಿನ ಇನ್ಸುಲಿನ್‌ಗೆ ಮಾಡಿದವು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಹೋಗುವುದು 8 ಯೂನಿಟ್ ಮಾತ್ರ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುವ ಮನೆಯಲ್ಲಿ 280 ಬಂದದ್ದು ಹೀಗೆ. ಕನ್ನಡಕವಿಲ್ಲದೆ ಗೆರೆಗಳೂ ಅವರಿಗೆ ಸ್ಪಷ್ಟವಾಗಿ ಕಾಣುವುದಿಲ್ಲ.

ಇನ್ನು 60? ಅದು ಸೋಮವಾರದ್ದು. ಅಂದು ಒಪ್ಪತ್ತು, ಊಟ ರಾತ್ರಿಗೆ ಮಾತ್ರ. ಆದರೆ ‘ಸೂಜಿ ತಪ್ಪಿಸಬೇಡಿ’ ಎಂದಿದ್ದರಲ್ಲ, ಹಾಗಾಗಿ ಬೆಳಿಗ್ಗೆ ಸರಿಯಾದ ಸಿರಿಂಜಿನಲ್ಲಿ ಪೂರ್ತಿ 20 ಯೂನಿಟ್ ಹೋಗಿತ್ತು. ಹೇಳಿದಂತೆ ನಡೆದದ್ದರಿಂದಲೇ ಆದ ಅಪಾಯವಿದು.

ಇಲ್ಲಿ ಹಲವು ಪ್ರಬಂಧಗಳು ಎಡವುತ್ತವೆ. ಎಲ್ಲ ಕೊರತೆಗೂ ‘ತಿಳಿವಳಿಕೆ ಸಾಲದು’ ಎಂದು ಒಂದೇ ಹೆಸರಿಟ್ಟು, ಎಲ್ಲಕ್ಕೂ ‘ತಿಳಿಹೇಳುವುದು’ ಎಂದು ಒಂದೇ ಮದ್ದು ಬರೆಯುತ್ತವೆ. ಓರೆಮ್ ನರ್ಸ್‌ನ ನೆರವನ್ನು ಮೂರಾಗಿ ವಿಂಗಡಿಸಿದ್ದರು: ರೋಗಿಯ ಪರವಾಗಿ ಪೂರ್ತಿ ಮಾಡುವುದು, ಅರ್ಧ ಹಂಚಿಕೊಳ್ಳುವುದು, ಕಲಿಸಿ ಬೆಂಬಲಿಸುವುದು. ಸಿರಿಂಜಿನ ಬಣ್ಣ ಕಲಿಸಿದರೆ ಸಾಕು. ಕಣ್ಣಿನ ತೊಂದರೆ ಪಾಠದಿಂದ ಹೋಗದು. ಕನ್ನಡಕ ಬರುವವರೆಗೆ ಸೊಸೆ ಗೆರೆ ನೋಡಿಕೊಡಬೇಕು, ಚುಚ್ಚಿಕೊಳ್ಳುವುದು ಅತ್ತೆಯೇ. ಒಪ್ಪತ್ತಿನ ದಿನದ ಪ್ರಮಾಣವನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು. ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಬೇಕು. ಇದನ್ನು ಅವರೇ ಬಾಯಿಬಿಟ್ಟು ಹೇಳಿ ತೋರಿಸಿದ ಮೇಲಷ್ಟೇ ಕಲಿತರು ಎಂದು ಲೆಕ್ಕ.

ಓರೆಮ್‌ಗೂ ಮಿತಿಯಿದೆ. ವ್ರತ ಬಿಟ್ಟರೆ ಮನೆಗೆ ಕೇಡು ಎಂಬ ಸಾವಿತ್ರಮ್ಮನ ಅಳುಕು ಕೈಲಾಗುವ, ಕೈಲಾಗದ ಲೆಕ್ಕಕ್ಕೆ ಸುಲಭವಾಗಿ ಸಿಗದು. ಅಲ್ಲಿ ಪೆಂಡರ್ ಪ್ರಶ್ನೆಯೇ ಹರಿತ. ಇದನ್ನು ಒಪ್ಪಿಕೊಂಡು ಬರೆದರೆ ಹೋಲಿಕೆಯ ಭಾಗಕ್ಕೂ ಅರ್ಥ ಬರುತ್ತದೆ.

ಬರೆದದ್ದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಓರೆಮ್ ಹೆಸರಿರುವಲ್ಲೆಲ್ಲ ರಾಯ್ ಎಂದು ಬದಲಿಸಿ ಓದಿ. ಆರೈಕೆಯ ಯೋಜನೆಯಲ್ಲಿ ಏನೂ ಬದಲಾಗಬೇಕೆನಿಸದಿದ್ದರೆ ಸಿದ್ಧಾಂತ ಅಲ್ಲಿ ಕೆಲಸ ಮಾಡಿಲ್ಲ ಎಂದರ್ಥ. ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಆ ಹಳೆಯ ಸಾಲು ಈಗ ಹೀಗಿದೆ: ‘ಸಿರಿಂಜು ತಪ್ಪು, ಗೆರೆ ಕಾಣದು, ಒಪ್ಪತ್ತಿನ ದಿನದ ಪ್ರಮಾಣ ಯಾರೂ ಹೇಳಿಲ್ಲ.’